ಮೊದಲು ಬೀಳಲು ಕಲಿ, ಆಮೇಲೆ ಡೈವ್

ನಮ್ಮ ಎಷ್ಟೋ ಶಾಲಾ ಮೈದಾನಗಳಲ್ಲಿ ಹುಲ್ಲಿಲ್ಲ, ಬರೀ ಗಟ್ಟಿ ಕೆಮ್ಮಣ್ಣು. ಅಲ್ಲಿ ಗೋಲ್‌ಕೀಪರ್ ಆಗಿ ನಿಂತ ಹತ್ತು ವರ್ಷದ ಹುಡುಗಿ ಡೈವ್ ಮಾಡಲು ಹಿಂಜರಿದರೆ ಪುಕ್ಕಲು ಎಂದು ರೇಗಿಸುವುದು ಅನ್ಯಾಯ. ಹೇಗೆ ಬೀಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಕಲಿಕೆ ಕೈಯಿಂದ ಶುರುವಾಗಲಿ. ಎದೆ, ತಲೆಯ ಎತ್ತರಕ್ಕೆ ಬರುವ ಚೆಂಡಿಗೆ ಎರಡೂ ಹೆಬ್ಬೆರಳು ಹತ್ತಿರ ಬಂದು, ಉಳಿದ ಬೆರಳುಗಳು ಅಗಲವಾಗಿ ಚೆಂಡಿನ ಹಿಂದೆ ನಿಲ್ಲಬೇಕು. ಸೊಂಟದ ಕೆಳಗೆ ಬಂದರೆ ಕಿರುಬೆರಳುಗಳು ಕೂಡಿ, ಅಂಗೈ ಮೇಲಾಗಿ, ಚೆಂಡನ್ನು ಬಾಚಿ ಎದೆಗೆ ಅಪ್ಪಿಕೊಳ್ಳಬೇಕು. ಎಂಟರಿಂದ ಹನ್ನೆರಡರ ಮಕ್ಕಳಿಗೆ ನಾಲ್ಕನೇ ಸೈಜಿನ ಚೆಂಡೇ ಸರಿ. ಐದನೆಯದು ಪುಟ್ಟ ಕೈಗೆ ನಿಲ್ಲುವುದಿಲ್ಲ.

ಬೀಳುವ ಅಭ್ಯಾಸಕ್ಕೆ ಲಾಂಗ್ ಜಂಪ್ ಹೊಂಡದ ಮರಳಿಗಿಂತ ಒಳ್ಳೆಯ ಜಾಗ ಸಿಗದು. ಮರಳನ್ನು ಕೆದಕಿ, ಕಲ್ಲು, ಗಾಜಿನ ಚೂರು ಆರಿಸಿ ತೆಗೆಯಿರಿ. ಮಗು ಕೂತಿರಲಿ. ಎರಡು ಮೀಟರ್ ದೂರದಿಂದ ಅದರ ಪಕ್ಕಕ್ಕೆ ಚೆಂಡನ್ನು ಮೆಲ್ಲಗೆ ಎಸೆಯಿರಿ. ಮೊದಲು ಹಿಡಿಯಬೇಕು, ಹಿಡಿದ ಮೇಲೆ ಪಕ್ಕಕ್ಕೆ ಉರುಳಬೇಕು. ಒಂದು ಕೈ ಚೆಂಡಿನ ಹಿಂದೆ, ಇನ್ನೊಂದು ಮೇಲೆ. ಕೆಳಗೆ ನೆಲವೇ ಮೂರನೇ ಕೈ. ಎರಡೂ ಬದಿಗೆ ಐದೈದು ಸಲ ಸಾಕು. ಇದು ಸಲೀಸಾದ ಮೇಲೆ ಮಂಡಿಯೂರಿ, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ಒಂದು ಹಂತ ಹಗುರವಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ, ಅದಕ್ಕೆ ವಾರಗಳೇ ಹಿಡಿದರೂ ಸರಿ.

ನಿಂತು ಬೀಳುವಾಗ ಮೀನಖಂಡದ ಪಕ್ಕ, ತೊಡೆ, ಸೊಂಟ, ಭುಜ ಎಂಬ ಸಾಲಿನಲ್ಲಿ ಮೈ ನೆಲ ಮುಟ್ಟಬೇಕು. ಸರಿಯಾಯಿತೇ ಎಂದು ತಿಳಿಯಲು ಬಟ್ಟೆ ನೋಡಿ: ಪಕ್ಕೆಯಲ್ಲಿ ಮರಳಿದ್ದರೆ ಸರಿ. ಮೊಣಕೈಗೋ ಹೊಟ್ಟೆಗೋ ಅಂಟಿದ್ದರೆ ಮಗು ಕೈಯೂರಿ ಅಥವಾ ಬೋರಲಾಗಿ ಬೀಳುತ್ತಿದೆ ಎಂದರ್ಥ. ಒಂದು ಹಂತ ಹಿಂದಕ್ಕೆ ಬನ್ನಿ.

ನಿಲುವಿನ ಮಾತು ಬರುವುದು ಈಗ. ಪಾದಗಳ ನಡುವೆ ಭುಜದಗಲ, ಮಂಡಿ ತುಸು ಬಾಗಿ, ಭಾರ ಪಾದದ ಮುಂಭಾಗದ ಮೇಲೆ, ಕೈ ಮುಂದೆ. ಎದುರಾಳಿ ಒದೆಯುವ ಕ್ಷಣಕ್ಕೆ ಎರಡೂ ಪಾದ ನೆಲದಲ್ಲಿರಬೇಕು. ಓಡುತ್ತಿರುವ ಕೀಪರ್ ದಿಕ್ಕು ಬದಲಿಸಲಾರ. ಚೆಂಡು ಬಂದ ಬದಿಯ ಕಾಲನ್ನು ಓರೆಯಾಗಿ ಮುಂದಿಟ್ಟು ಜಿಗಿಯಬೇಕು. ಹೆಚ್ಚಿನ ಮಕ್ಕಳು ಹಿಂದಕ್ಕೆ ಬೀಳುತ್ತಾರೆ, ಕೈಗೆ ತಗುಲಿದ ಚೆಂಡೂ ಒಳಹೋಗುತ್ತದೆ. ಮರಳಲ್ಲಿ ಗೆರೆ ಎಳೆದು ಅದರ ಮುಂದೆಯೇ ಬೀಳಲು ಹೇಳಿ. ಈ ಅಭ್ಯಾಸ ಗೋಲ್‌ಪೋಸ್ಟ್‌ನಿಂದ ದೂರವಿರಲಿ. ಸರಿಸಬಹುದಾದ ಪೋಸ್ಟನ್ನು ನೆಲಕ್ಕೆ ಬಿಗಿಯದಿದ್ದರೆ ಅದು ಮಗುವಿನ ಮೇಲೆ ಮಗುಚಬಹುದು.

ಹಿಡಿದ ಚೆಂಡನ್ನು ಸಾಗಿಸಲು ಈಗ ಹೆಚ್ಚು ಹೊತ್ತಿಲ್ಲ. 2025ರ ನಿಯಮದಂತೆ ಎಂಟು ಸೆಕೆಂಡ್ ಮೀರಿ ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಹತ್ತಿರದ ಜೊತೆಗಾರನಿಗೆ ನೆಲದ ಮೇಲೆ ಉರುಳಿಸುವುದು, ದೂರಕ್ಕೆ ತಲೆಯ ಮೇಲಿಂದ ಎಸೆಯುವುದು ಮಕ್ಕಳಿಗೆ ಸಾಕು. ಕೈಯಿಂದ ಬಿಟ್ಟು ಒದ್ದದ್ದು ಬಹುಪಾಲು ಎದುರಾಳಿಗೇ ಸಿಗುತ್ತದೆ. ದಾಳಿ ಎಡದಿಂದ ಬಂದಿದ್ದರೆ ಬಲಬದಿ ಖಾಲಿಯಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಪ್ರತಿ ಸಲ ಬಿದ್ದೆದ್ದ ಕೂಡಲೇ, ಹತ್ತು ಮೀಟರ್ ಆಚೆ ಎದುರು ಬದಿಯಲ್ಲಿಟ್ಟ ಎರಡು ಕೋನ್‌ಗಳ ನಡುವೆ ಚೆಂಡು ಉರುಳಿಸಲು ಹೇಳಿ.