ತಂಗಳನ್ನಕ್ಕೆ ಕ್ಯಾಲೊರಿ ಕಡಿಮೆನಾ?

ರಾತ್ರಿ ಉಳಿದ ಅನ್ನವನ್ನು ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಚಿತ್ರಾನ್ನ ಮಾಡಿದರೆ, ಆ್ಯಪ್‌ನಲ್ಲಿ ಕ್ಯಾಲೊರಿ ಕಡಿಮೆ ಬರ್ಕೋಬಹುದಾ ಅಂತ ಆಫೀಸಿನ ಗೆಳತಿ ಕೇಳಿದಳು. ಬೇಡ ಅಂದೆ.

ಬೆಂದಾಗ ಬಿಡಿಬಿಡಿಯಾದ ಪಿಷ್ಟದ ಎಳೆಗಳು ಅನ್ನ ತಣ್ಣಗಾದಾಗ ಮತ್ತೆ ಒತ್ತಾಗಿ ಸೇರಿಕೊಳ್ಳುತ್ತವೆ. ತಂಗಳನ್ನ ಗಟ್ಟಿಯಾಗೋದು ಅದಕ್ಕೇ. ಹೀಗೆ ಬಿಗಿಯಾದ ಪಿಷ್ಟ ಸಣ್ಣ ಕರುಳಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತೆ.

ಆದರೆ ಎಷ್ಟು? 2015ರಲ್ಲಿ ಪ್ರಕಟವಾದ ಇಂಡೋನೇಷ್ಯಾದ ಅಧ್ಯಯನವೊಂದರಲ್ಲಿ, ಆಗಷ್ಟೇ ಮಾಡಿದ 100 ಗ್ರಾಂ ಬಿಳಿ ಅನ್ನದಲ್ಲಿ ಇಂಥ ಪಿಷ್ಟ 0.64 ಗ್ರಾಂ ಇತ್ತು. 24 ಗಂಟೆ ಫ್ರಿಜ್‌ನಲ್ಲಿಟ್ಟು ಬಿಸಿ ಮಾಡಿದ್ದರಲ್ಲಿ 1.65 ಗ್ರಾಂ.

ಗೆಳತಿ ತಿನ್ನೋದು 200 ಗ್ರಾಂ ಅನ್ನ, ಸುಮಾರು 260 ಕ್ಯಾಲೊರಿ. ಅದರಲ್ಲಿ 2 ಗ್ರಾಂ ಪಿಷ್ಟ ಬಿಗಿಯಾಯಿತು ಅನ್ನಿ. ಗ್ರಾಂಗೆ 4ರ ಬದಲು ಸುಮಾರು 2 ಕ್ಯಾಲೊರಿ ಸಿಗುತ್ತೆ. ಉಳಿತಾಯ ಬರೀ 4. ಒಗ್ಗರಣೆಗೆ ಹಾಕೋ ಒಂದು ಟೀ ಚಮಚ ಎಣ್ಣೆಯೇ 40!

ಸಕ್ಕರೆಯ ಮಾತು ಬೇರೆ. ಅದೇ ಅಧ್ಯಯನದಲ್ಲಿ ತಂಗಳನ್ನ ತಿಂದವರ ರಕ್ತದ ಸಕ್ಕರೆ ಕಡಿಮೆ ಏರಿತ್ತು. ಇನ್ಸುಲಿನ್ ತಗೊಳ್ಳೋರು ಮಾತ್ರ ಸಕ್ಕರೆ ನೋಡಿಕೊಳ್ಳಿ.

ಫ್ರಿಜ್‌ನಲ್ಲಿ ಅನ್ನದ ನೀರೂ ಆರುತ್ತೆ, ಹಾಗಾಗಿ ತೂಕವನ್ನು ಒಳಗಿಡೋ ಮುಂಚೆಯೇ ಬರ್ಕೊಳ್ಳಿ. ಮಾಡಿದ ಒಂದು ಗಂಟೆಯೊಳಗೆ, ಅಗಲ ಪಾತ್ರೆಯಲ್ಲಿ ಹರಡಿ ಒಳಗಿಡಿ. ಹೊರಗೇ ಬಿಟ್ಟ ಅನ್ನದಲ್ಲಿ ಬೆಳೆಯೋ ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗಲ್ಲ.