ಮುಟ್ಟಿನ ನಡುವೆ ಒಂದೇ ಬದಿಯ ಹೊಟ್ಟೆನೋವು

ಮುಟ್ಟು ನಿಂತು ವಾರ ಹತ್ತು ದಿನ ಕಳೆದಿರುತ್ತದೆ, ಮುಂದಿನದಕ್ಕೆ ಇನ್ನೂ ಎರಡು ವಾರ ಇರುತ್ತದೆ. ಆಗ ಇದ್ದಕ್ಕಿದ್ದಂತೆ ಕಿಬ್ಬೊಟ್ಟೆಯ ಬಲಗಡೆಯೋ ಎಡಗಡೆಯೋ ಚುಚ್ಚಿದಂತೆ ನೋವು ಶುರುವಾಗುತ್ತದೆ. ಬಲಗಡೆ ಬಂದರೆ ಮನೆಯವರಿಗೆ ಅಪೆಂಡಿಕ್ಸ್ ಭಯ, ಎಡಗಡೆ ಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಜೀರಿಗೆ ಕಷಾಯ. ಒಂದೆರಡು ದಿನದಲ್ಲಿ ನೋವು ತಾನಾಗಿಯೇ ಹೋಗುತ್ತದೆ. ಅನೇಕ ಹೆಣ್ಣುಮಕ್ಕಳಿಗೆ ಬರುವ ಈ ನೋವಿನ ಕಾರಣ ಬಹುಪಾಲು ಸರಳ: ಅದು ಅಂಡಾಶಯದಿಂದ ಅಂಡಾಣು ಹೊರಬೀಳುವ ಹೊತ್ತಿನ ನೋವು. ಆದರೆ ಆ ತೀರ್ಮಾನಕ್ಕೆ ಬರುವ ಮುನ್ನ ಕ್ಯಾಲೆಂಡರನ್ನು ಸರಿಯಾಗಿ ಓದಬೇಕು.

ಪ್ರತಿ ತಿಂಗಳೂ ಸಾಮಾನ್ಯವಾಗಿ ಒಂದೇ ಅಂಡಾಶಯದಲ್ಲಿ ಒಂದು ಕೋಶಕ ಬೆಳೆಯುತ್ತದೆ. ಕೋಶಕವೆಂದರೆ ಅಂಡಾಣುವನ್ನು ಒಳಗಿಟ್ಟುಕೊಂಡ, ನೀರು ತುಂಬಿದ ಪುಟ್ಟ ಚೀಲ. ಒಡೆಯುವ ಹೊತ್ತಿಗೆ ಅದು ಸುಮಾರು ಎರಡು ಸೆಂಟಿಮೀಟರ್ ಅಗಲ, ಒಂದು ದ್ರಾಕ್ಷಿಯಷ್ಟು ಆಗಿರುತ್ತದೆ. ಅಂಡಾಶಯದ ಮೇಲಿನ ಪೊರೆ ಬಿಗಿಯಾಗುವುದರಿಂದ ಕೆಲವರಿಗೆ ಅಂಡಾಣು ಹೊರಬರುವ ಮೊದಲೇ ನೋವು ಶುರುವಾಗುತ್ತದೆ. ಚೀಲ ಒಡೆದಾಗ ಅದರಲ್ಲಿದ್ದ ನೀರು, ಜೊತೆಗೆ ತುಸು ರಕ್ತ ಹೊಟ್ಟೆಯೊಳಗೆ ಚೆಲ್ಲುತ್ತದೆ. ಹೊಟ್ಟೆಯ ಒಳಗೋಡೆಯ ಪೊರೆಗೆ ರಕ್ತ ತಾಗಿದರೆ ಉರಿಯಾಗುತ್ತದೆ. ನೋವು ಎರಡನೆಯ ದಿನಕ್ಕೂ ಉಳಿಯುವುದು ಇದರಿಂದಲೇ. ಚೆಲ್ಲಿದ್ದನ್ನು ದೇಹ ಹೀರಿಕೊಂಡ ಮೇಲೆ ನೋವು ಇಳಿಯುತ್ತದೆ. ಯಾವ ಬದಿಯ ಅಂಡಾಶಯ ಕೆಲಸ ಮಾಡಿತೋ ಆ ಬದಿಗೆ ನೋವು. ಒಂದು ತಿಂಗಳು ಬಲ, ಒಂದು ತಿಂಗಳು ಎಡ ಎಂಬ ಕಟ್ಟುನಿಟ್ಟಿನ ಸರದಿ ಇಲ್ಲ. ಎರಡು ಮೂರು ತಿಂಗಳು ಒಂದೇ ಬದಿಗೆ ಬಂದರೂ ಅದರಲ್ಲೇ ದೋಷವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ‘ಹದಿನಾಲ್ಕನೆಯ ದಿನ’ ಎಂದು ಎಲ್ಲರೂ ಕೇಳಿರುತ್ತಾರೆ, ಆದರೆ ಅದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಾಗಾಗಿ ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸುವುದಕ್ಕಿಂತ, ಬರಬೇಕಾದ ಮುಟ್ಟಿನಿಂದ ಹಿಂದಕ್ಕೆ ಎಣಿಸುವುದು ಸರಿ.

ಒಂದು ಉದಾಹರಣೆ ನೋಡಿ. ಇಪ್ಪತ್ತಾರರ ಒಬ್ಬಾಕೆಗೆ 32 ದಿನಕ್ಕೊಮ್ಮೆ ಮುಟ್ಟು. ಮಾರ್ಚ್ 3ರಂದು ಶುರುವಾದದ್ದು ಎಂದಿನಂತೆ ಐದು ದಿನ ಹೋಗಿತ್ತು. ಮಾರ್ಚ್ 20ರ ಸಂಜೆ ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು. ಕೈಯಿಟ್ಟು ‘ಇಲ್ಲೇ’ ಎಂದು ತೋರಿಸುವಷ್ಟು ಒಂದೇ ಜಾಗದಲ್ಲಿ. ಜ್ವರವಿಲ್ಲ, ವಾಂತಿಯಿಲ್ಲ, ರಾತ್ರಿ ಊಟ ಸೇರಿತು. ಒಳಉಡುಪಿನಲ್ಲಿ ಮೊಟ್ಟೆಯ ಬಿಳಿಭಾಗದ ಹಾಗೆ ಜಾರುವ, ಎಳೆಯೆಳೆಯಾದ ಸ್ರಾವ. ಒಮ್ಮೆ ಒಂದು ಹನಿ ಕೆಂಪು. ಮರುದಿನ ನಡೆದರೆ ತುಸು ನೋವು, ಮೂರನೆಯ ದಿನ ಏನೂ ಇಲ್ಲ. ಮುಂದಿನ ಮುಟ್ಟು ಏಪ್ರಿಲ್ 4ಕ್ಕೆ ಬಂತು. ಅಲ್ಲಿಂದ 14 ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ 21. ಲೆಕ್ಕ ಕೂಡಿತು. ಮುಂದಿನ ಎರಡು ತಿಂಗಳಲ್ಲೂ ಇದೇ ಹೊತ್ತಿಗೆ ಇದೇ ರೀತಿ ಬಂದರೆ ಕಾರಣದ ಬಗ್ಗೆ ಹೆಚ್ಚು ಅನುಮಾನ ಉಳಿಯುವುದಿಲ್ಲ. ಬಿಸಿನೀರಿನ ಚೀಲ, ಒಂದು ಪ್ಯಾರಾಸಿಟಮಾಲ್ ಇದಕ್ಕೆ ಸಾಕು. ಮಗು ಬೇಕೆಂದು ಕಾಯುತ್ತಿರುವವರು ಈ ದಿನಗಳಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆಯನ್ನು ಮತ್ತೆ ಮತ್ತೆ ನುಂಗದಿರುವುದು ಲೇಸು. ಅದು ಕೋಶಕ ಒಡೆಯುವುದನ್ನೇ ತಡೆಹಿಡಿಯುವ ಸಾಧ್ಯತೆಯಿದೆ.

ಇದೇ ಉದಾಹರಣೆಯಲ್ಲಿ ಒಂದೇ ಒಂದು ವಿವರ ಬದಲಿಸೋಣ. ಮಾರ್ಚ್ 3ರ ಸ್ರಾವ ಎಂದಿನಂತಿರಲಿಲ್ಲ. ಒಂದೂವರೆ ದಿನ, ಕಂದು ಬಣ್ಣದ ಕಲೆಯಷ್ಟೇ. ‘ಈ ಸಲ ಕಡಿಮೆ ಹೋಯಿತು’ ಎಂದುಕೊಂಡು ಆಕೆ ಅದನ್ನೇ ಮುಟ್ಟೆಂದು ಲೆಕ್ಕ ಹಿಡಿದಳು. ಈಗ ಮಾರ್ಚ್ 20ರ ನೋವನ್ನು ‘ನಡು ತಿಂಗಳ ನೋವು’ ಎನ್ನುವಂತಿಲ್ಲ. ಆಕೆ ಗರ್ಭಿಣಿಯಾಗಿರಬಹುದು, ಗರ್ಭ ಗರ್ಭಕೋಶದಲ್ಲಿ ಕೂರದೆ ಗರ್ಭನಾಳದಲ್ಲಿ ಕೂತಿರಬಹುದು. ನಾಳಕ್ಕೆ ಹಿಗ್ಗುವ ಶಕ್ತಿ ಕಡಿಮೆ. ಅದು ಒಡೆದರೆ ಹೊಟ್ಟೆಯೊಳಗೆ ರಕ್ತ ಹರಿಯುತ್ತದೆ, ಹೊರಗೆ ಮಾತ್ರ ಹೆಚ್ಚೇನೂ ಕಾಣುವುದಿಲ್ಲ. ತಲೆ ಸುತ್ತುವುದು, ಬೆವರುವುದು, ಎದ್ದರೆ ಕಣ್ಣು ಕತ್ತಲೆಗಟ್ಟುವುದು, ಜೊತೆಗೆ ಭುಜದ ತುದಿಯಲ್ಲಿ ನೋವು ಇದರ ಲಕ್ಷಣಗಳು. ರಕ್ತ ವಪೆಯನ್ನು ಕೆಣಕಿದಾಗ ನೋವು ಭುಜದಲ್ಲಿ ಕಾಣಿಸುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಕಾಪರ್‌–ಟಿ ಹಾಕಿದೆ ಎಂಬ ಕಾರಣಕ್ಕೂ ಈ ಅನುಮಾನ ಬಿಡುವಂತಿಲ್ಲ. ಅವೆರಡೂ ಗರ್ಭ ನಿಲ್ಲುವುದನ್ನು ಚೆನ್ನಾಗಿ ತಡೆಯುತ್ತವೆ, ಆದರೆ ತಪ್ಪಿ ನಿಂತರೆ ಅದು ನಾಳದಲ್ಲಿ ಇರುವ ಸಂಭವ ಹೆಚ್ಚು. ಔಷಧಿ ಅಂಗಡಿಯ ಮೂತ್ರ ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಬಂದು, ಒಂದೇ ಬದಿಗೆ ನೋವಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಎನ್ನುವ ಮಾತೇ ಬೇಡ.

ಅಪೆಂಡಿಕ್ಸ್ ನೋವಿನ ನಡೆ ಬೇರೆ. ಅದು ಹೆಚ್ಚಾಗಿ ಹೊಕ್ಕಳ ಸುತ್ತ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಊಟ ಬೇಡವಾಗುತ್ತದೆ, ವಾಕರಿಕೆ, ಸಣ್ಣ ಜ್ವರ ಬರುತ್ತದೆ. ಕೆಮ್ಮಿದರೆ, ಆಟೋ ಗುಂಡಿಗೆ ಇಳಿದು ಹತ್ತಿದರೆ ನೋವು ಜಗ್ಗುತ್ತದೆ. ಅಂಡಾಣುವಿನ ನೋವು ಹೊತ್ತು ಹೋದಂತೆ ಇಳಿದರೆ ಇದು ಏರುತ್ತದೆ. ಹೊಟ್ಟೆ ಶುದ್ಧಿಯಾಗಲೆಂದು ಹರಳೆಣ್ಣೆ ಕುಡಿಸುವ ಅಭ್ಯಾಸ ಇನ್ನೂ ಕೆಲವು ಮನೆಗಳಲ್ಲಿದೆ. ಅಪೆಂಡಿಕ್ಸ್ ಆಗಿದ್ದರೆ ಅದರಿಂದ ಅಪಾಯ ಹೆಚ್ಚುತ್ತದೆ, ದಯವಿಟ್ಟು ಕುಡಿಸಬೇಡಿ.

ಇನ್ನೊಂದು ತುರ್ತು, ಅಂಡಾಶಯ ತಿರುಚಿಕೊಳ್ಳುವುದು. ಅಂಡಾಶಯದಲ್ಲಿ ದೊಡ್ಡ ಗಡ್ಡೆಯಿದ್ದರೆ, ಸಾಮಾನ್ಯವಾಗಿ ಐದು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಅದರ ಭಾರಕ್ಕೆ ಅಂಡಾಶಯ ತನ್ನ ತೊಟ್ಟಿನ ಮೇಲೆಯೇ ತಿರುಗಿ ರಕ್ತ ಸಂಚಾರ ಕಟ್ಟುತ್ತದೆ. ಒಮ್ಮೆಲೇ ತಡೆಯಲಾಗದ ನೋವು, ಬೆನ್ನಿಗೇ ವಾಂತಿ. ಕೆಲವೊಮ್ಮೆ ನೋವು ಬಿಟ್ಟು ಬಿಟ್ಟು ಬರುವುದರಿಂದ ಜನ ಮೋಸ ಹೋಗುತ್ತಾರೆ. ಬೇಗ ಬಿಡಿಸಿದರೆ ಅಂಡಾಶಯ ಉಳಿಯುತ್ತದೆ.

ಎರಡೂ ಬದಿಗೆ ನೋವು, ಜ್ವರ, ವಾಸನೆಯ ಸ್ರಾವ ಇದ್ದರೆ ಸೋಂಕು. ಸೊಂಟದ ಪಕ್ಕದಿಂದ ತೊಡೆಸಂದಿಗೆ ಇಳಿಯುವ ನೋವಾದರೆ ಮೂತ್ರದ ಕಲ್ಲು. ನಡು ತಿಂಗಳ ನೋವು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಾ, ಮುಟ್ಟಿನ ದಿನಗಳೂ ಸಹಿಸಲಾಗದಂತಾಗಿ, ಸಂಭೋಗದಲ್ಲೂ ನೋವಾದರೆ ಎಂಡೊಮೆಟ್ರಿಯೋಸಿಸ್ ಇದೆಯೇ ಎಂದು ಸ್ತ್ರೀರೋಗ ತಜ್ಞರಲ್ಲಿ ತೋರಿಸಿಕೊಳ್ಳಬೇಕು. ಹೆಣ್ಣಾದ ಮೇಲೆ ನೋವು ಇದ್ದದ್ದೇ ಎಂಬ ಮಾತಿನಲ್ಲಿ ಈ ಕಾಯಿಲೆ ವರ್ಷಗಟ್ಟಲೆ ಅಡಗಿರುತ್ತದೆ, ಆ ಮಾತನ್ನು ಒಪ್ಪಬೇಕಿಲ್ಲ.

ಸ್ಕ್ಯಾನಿಂಗ್ ಬಗ್ಗೆ ಒಂದು ಮಾತು. ಈ ದಿನಗಳಲ್ಲಿ ಸ್ಕ್ಯಾನ್ ಮಾಡಿಸಿದರೆ ‘ಎರಡು ಸೆಂಟಿಮೀಟರ್ ಸಿಸ್ಟ್’, ‘ಗರ್ಭಕೋಶದ ಹಿಂದೆ ಸ್ವಲ್ಪ ನೀರು’ ಎಂದು ವರದಿ ಬರಬಹುದು. ಆ ಸಿಸ್ಟ್ ಬಹುತೇಕ ಆ ತಿಂಗಳ ಕೋಶಕವೇ, ಆ ನೀರು ಅದು ಒಡೆದು ಚೆಲ್ಲಿದ್ದೇ. ನೋವು ಹೋಗಿದ್ದು ಸಂದೇಹ ಉಳಿದರೆ, ಮುಂದಿನ ಮುಟ್ಟು ಮುಗಿದ ಮೇಲೆ ಇನ್ನೊಮ್ಮೆ ನೋಡಿಸಿ.

ವೈದ್ಯರ ಬಳಿ ಹೋದಾಗ ಹಿಂದಿನ ಎರಡು ಮುಟ್ಟು ಶುರುವಾದ ತಾರೀಕು, ಅವು ಎಷ್ಟು ದಿನ ಹೋದವು, ಎಂದಿನಂತಿದ್ದವೇ ಎಂಬುದನ್ನು ಕೇಳುವ ಮೊದಲೇ ಹೇಳಿ. ಮದುವೆಯಾಗದವರಿಗೆ ಮೂತ್ರ ಪರೀಕ್ಷೆ ಬರೆದುಕೊಟ್ಟರೆ ಜೊತೆಗಿರುವ ಹಿರಿಯರು ಬೇಸರಿಸಿಕೊಳ್ಳಬಾರದು. ಒಂದೇ ಬದಿಯ ಹೊಟ್ಟೆನೋವಿನಲ್ಲಿ ಜೀವ ಉಳಿಸುವ ಮೊದಲ ಪರೀಕ್ಷೆ ಅದು.