ಸರಳಿಗೆ ಅಂಟಿದ ಜೇಡಿಮಣ್ಣು ಮತ್ತು ಕೀಲಿನ ಲೆಕ್ಕ

ಮೇಲ್ತುದಿಯಲ್ಲಿ ಒಂದು ಕೀಲಿಗೆ ಸಿಕ್ಕಿಸಿ ನೇತುಹಾಕಿದ ಕಬ್ಬಿಣದ ಸರಳು ಅಲುಗಾಡದೆ ನಿಂತಿದೆ. ಪಕ್ಕದಿಂದ ಅಡ್ಡಲಾಗಿ ಹಾರಿ ಬಂದ ಹಸಿ ಜೇಡಿಮಣ್ಣಿನ ಉಂಡೆಯೊಂದು ಸರಳಿನ ಮಧ್ಯಕ್ಕಿಂತ ಕೆಳಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತದೆ. ಸರಳು ಉಂಡೆಯನ್ನು ಹೊತ್ತುಕೊಂಡೇ ತೂಗತೊಡಗುತ್ತದೆ. ಅದು ಎಷ್ಟು ವೇಗದಲ್ಲಿ ಹೊರಡುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ಭೌತವಿಜ್ಞಾನದ ಹಳೆಯ ಪ್ರಶ್ನೆ. ಡಿಕ್ಕಿ ಎಂದ ಕೂಡಲೇ ವಿದ್ಯಾರ್ಥಿಗಳ ಕೈ ಹೋಗುವುದು ಸಂವೇಗದ ಸಂರಕ್ಷಣೆಯ ನಿಯಮದ ಕಡೆಗೆ: ಡಿಕ್ಕಿಗೆ ಮೊದಲಿನ ಒಟ್ಟು ಸಂವೇಗ ಡಿಕ್ಕಿಯ ನಂತರದ ಒಟ್ಟು ಸಂವೇಗಕ್ಕೆ ಸಮ. ಈ ಡಿಕ್ಕಿಯಲ್ಲಿ ಮಾತ್ರ ಆ ನಿಯಮವನ್ನು ನೇರವಾಗಿ ಹಚ್ಚಿದರೆ ಉತ್ತರ ತಪ್ಪುತ್ತದೆ.

ಸಂವೇಗ ಉಳಿಯಬೇಕಾದರೆ ಹೊರಗಿನ ಬಲ ಯಾವುದೂ ಇರಬಾರದು. ಇಲ್ಲಿ ಹೊರಗಿನವನೊಬ್ಬ ಇದ್ದಾನೆ, ಅವನೇ ಕೀಲು. ಉಂಡೆ ಬಡಿದ ಕ್ಷಣದಲ್ಲಿ ಸರಳಿನ ಮೇಲ್ತುದಿ ಪಕ್ಕಕ್ಕೆ ಜರುಗಲು ನೋಡುತ್ತದೆ. ಕೀಲು ಅದನ್ನು ಜರುಗಲು ಬಿಡದೆ ತಡೆಯುತ್ತದೆ, ಅಂದರೆ ಸರಳಿನ ಮೇಲೆ ಅಡ್ಡ ಬಲವನ್ನು ಹಾಕುತ್ತದೆ. ಇಂಥ ಡಿಕ್ಕಿ ಕೆಲವೇ ಸಾವಿರಾಂಶ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅಷ್ಟು ಕಡಿಮೆ ಅವಧಿಯಲ್ಲಿ ಗುರುತ್ವದಂಥ ಮಿತವಾದ ಬಲಗಳ ಪರಿಣಾಮವನ್ನು ಮರೆಯಬಹುದು. ಆದರೆ ಕೀಲಿನ ಬಲ ಮಿತವಾದುದಲ್ಲ. ಮೇಲ್ತುದಿಯನ್ನು ಇದ್ದಲ್ಲೇ ಹಿಡಿಯಲು ಎಷ್ಟು ಬೇಕೋ ಅಷ್ಟಕ್ಕೂ ಅದು ಏರುತ್ತದೆ. ಡಿಕ್ಕಿ ಚಿಕ್ಕದಾದಷ್ಟೂ ಆ ಬಲ ದೊಡ್ಡದಾಗುವುದರಿಂದ ಅವಧಿ ಕಿರಿದು ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಆ ಬಲ ಎಷ್ಟೆಂದು ಮೊದಲೇ ತಿಳಿದಿರುವುದೂ ಇಲ್ಲ.

ಗೊತ್ತಿಲ್ಲದ ಈ ಬಲವನ್ನು ಲೆಕ್ಕದಿಂದ ಹೊರಗಿಡುವ ಉಪಾಯ ಕೋನೀಯ ಸಂವೇಗದಲ್ಲಿದೆ. ಬಾಗಿಲನ್ನು ಕೀಲಿನ ಹತ್ತಿರವೇ ಒತ್ತಿದರೆ ಅದು ತಿರುಗುವುದಿಲ್ಲ. ಒಂದು ಬಿಂದುವಿನ ಮೂಲಕವೇ ಹಾದುಹೋಗುವ ಬಲಕ್ಕೆ ಆ ಬಿಂದುವಿನ ಸುತ್ತ ತಿರುಗಿಸುವ ಸಾಮರ್ಥ್ಯ ಇರುವುದಿಲ್ಲ. ಆದ್ದರಿಂದ ತಿರುಗುವಿಕೆಯ ಲೆಕ್ಕವನ್ನು ಕೀಲಿನಿಂದಲೇ ಅಳೆದರೆ, ಕೀಲಿನ ಬಲ ಎಷ್ಟೇ ದೊಡ್ಡದಿರಲಿ, ಅದರ ಪಾಲು ಸೊನ್ನೆ. ಸರಳು ಲಂಬವಾಗಿ ತೂಗಿರುವುದರಿಂದ ಅದರ ತೂಕವೂ ಕೀಲಿನ ನೇರ ಕೆಳಗೆ ಎಳೆಯುತ್ತದೆ, ಅದಕ್ಕೂ ಆ ಕ್ಷಣದಲ್ಲಿ ತಿರುಗಿಸುವ ಶಕ್ತಿಯಿಲ್ಲ. ಹೀಗಾಗಿ ಕೀಲಿನ ಸುತ್ತಲಿನ ಕೋನೀಯ ಸಂವೇಗ ಡಿಕ್ಕಿಯ ಮುಂಚೆ ಎಷ್ಟಿತ್ತೋ ನಂತರವೂ ಅಷ್ಟೇ. ಬೇರೆ ಬಿಂದುವನ್ನು, ಉದಾಹರಣೆಗೆ ಸರಳಿನ ಮಧ್ಯವನ್ನು, ಆರಿಸಿಕೊಂಡರೆ ಈ ಅನುಕೂಲ ತಪ್ಪಿಹೋಗುತ್ತದೆ. ಆಗ ಕೀಲಿನ ಬಲ ಮತ್ತೆ ಲೆಕ್ಕದೊಳಗೆ ನುಗ್ಗುತ್ತದೆ.

ನೇರ ದಾರಿಯಲ್ಲಿ ಹಾರುವ ಉಂಡೆಗೆ ಕೋನೀಯ ಸಂವೇಗ ಎಲ್ಲಿಂದ ಬಂತು ಎಂಬ ಅನುಮಾನ ಸಹಜ. ವಸ್ತು ಸುತ್ತುತ್ತಲೇ ಇರಬೇಕೆಂದು ಆ ಪರಿಮಾಣ ಕೇಳುವುದಿಲ್ಲ. ಉಂಡೆಯ ದಾರಿ ಕೀಲಿನ ಮೂಲಕ ಹಾಯದೆ ಸ್ವಲ್ಪ ದೂರದಲ್ಲಿ ಸಾಗಿದರೆ ಸಾಕು. ಕೀಲಿನಿಂದ ಆ ದಾರಿಗೆ ಇಳಿಸಿದ ಲಂಬದ ಉದ್ದವನ್ನು ಉಂಡೆಯ ಸಂವೇಗದಿಂದ ಗುಣಿಸಿದರೆ ಬರುವುದೇ ಅದರ ಕೋನೀಯ ಸಂವೇಗ. ಉಂಡೆ ಹತ್ತು ಮೀಟರ್ ಆಚೆ ಇದ್ದರೂ ಸರಳಿಗೆ ತಾಗುವ ಹೊಸ್ತಿಲಲ್ಲಿದ್ದರೂ ಆ ಲಂಬದ ಉದ್ದ ಒಂದೇ, ಆದ್ದರಿಂದ ಈ ಬೆಲೆಯೂ ಒಂದೇ.

ಅಂಟಿದ ಮೇಲೆ ಸರಳು ಮತ್ತು ಉಂಡೆ ಒಂದೇ ದೇಹವಾಗಿ ತಿರುಗುತ್ತವೆ. ತಿರುಗಿಸಲು ಒಂದು ವಸ್ತು ಒಡ್ಡುವ ಜಡತ್ವವನ್ನು ಜಡತ್ವ ಭ್ರಾಮಕ ಎನ್ನುತ್ತಾರೆ. ತುದಿಯಲ್ಲಿ ಕೀಲಿರುವ ಸಮನಾದ ಸರಳಿಗೆ ಅದು ರಾಶಿಯನ್ನು ಉದ್ದದ ವರ್ಗದಿಂದ ಗುಣಿಸಿ ಮೂರರಿಂದ ಭಾಗಿಸಿದಷ್ಟು. ಉಂಡೆಗೆ ಅದರ ರಾಶಿಯನ್ನು ಕೀಲಿನಿಂದ ಇರುವ ದೂರದ ವರ್ಗದಿಂದ ಗುಣಿಸಿದಷ್ಟು. ಸರಳಿನ ರಾಶಿ M, ಉದ್ದ L, ಉಂಡೆಯ ರಾಶಿ m, ವೇಗ v, ಅದು ಬಡಿದ ಜಾಗ ಕೀಲಿನಿಂದ d ದೂರದಲ್ಲಿದ್ದರೆ, ಡಿಕ್ಕಿಯ ನಂತರದ ಕೋನೀಯ ವೇಗ ω ಹೀಗೆ ಸಿಗುತ್ತದೆ:

m v d = (M L²/3 + m d²) ω

ಹದಿನಾಲ್ಕು ಮಿಲಿಮೀಟರ್ ದಪ್ಪದ ಉಕ್ಕಿನ ಸರಳು ಒಂದು ಮೀಟರ್ ಉದ್ದಕ್ಕೆ ಸುಮಾರು 1.2 ಕಿಲೋ ತೂಗುತ್ತದೆ. ಅದನ್ನೇ ತೆಗೆದುಕೊಳ್ಳಬಹುದು. ಉಂಡೆ 100 ಗ್ರಾಂ, ವೇಗ ಸೆಕೆಂಡಿಗೆ 10 ಮೀಟರ್, ಬಡಿದದ್ದು ಸರಳಿನ ಕೆಳತುದಿಗೆ. ಉಂಡೆಯ ಸಂವೇಗ 0.1 ಮತ್ತು 10ರ ಗುಣಲಬ್ಧ, ಅಂದರೆ 1 ಏಕಮಾನ. ಕೀಲಿನಿಂದ ದೂರ ಒಂದು ಮೀಟರ್ ಆದ್ದರಿಂದ ಕೋನೀಯ ಸಂವೇಗವೂ 1. ಸರಳಿನ ಜಡತ್ವ ಭ್ರಾಮಕ 0.4, ಉಂಡೆಯದು 0.1, ಒಟ್ಟು 0.5. ಒಂದನ್ನು 0.5ರಿಂದ ಭಾಗಿಸಿದರೆ ಕೋನೀಯ ವೇಗ ಸೆಕೆಂಡಿಗೆ 2 ರೇಡಿಯನ್. ಅಂದರೆ ಕೆಳತುದಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಡುತ್ತದೆ.

ಈಗ ಡಿಕ್ಕಿಯ ನಂತರದ ರೇಖೀಯ ಸಂವೇಗವನ್ನು ಎಣಿಸಿ ನೋಡಬೇಕು. ಸರಳಿನ ಮಧ್ಯಬಿಂದು ಸೆಕೆಂಡಿಗೆ 1 ಮೀಟರ್ ವೇಗದಲ್ಲಿದೆ, ಹಾಗಾಗಿ ಸರಳಿನ ಪಾಲು 1.2. ತುದಿಯಲ್ಲಿರುವ ಉಂಡೆಯ ಪಾಲು 0.2. ಒಟ್ಟು 1.4. ಉಂಡೆ ತಂದದ್ದು 1, ಡಿಕ್ಕಿಯ ನಂತರ ಇರುವುದು 1.4! ಸಂವೇಗ ಕಡಿಮೆಯಾಗಿದ್ದರೆ ಕೀಲು ತಡೆದು ನಿಲ್ಲಿಸಿತು ಎಂದುಕೊಳ್ಳಬಹುದಿತ್ತು. ಇಲ್ಲಿ ಅದು ಹೆಚ್ಚಿದೆ. ಈ ಸಮಸ್ಯೆಯಲ್ಲಿ ನಿಜಕ್ಕೂ ನಿಂತು ಯೋಚಿಸಬೇಕಾದ ಜಾಗ ಇದೇ.

ಹೆಚ್ಚಿನ 0.4 ಏಕಮಾನ ಬಂದದ್ದು ಕೀಲಿನಿಂದ. ಕಾರಣ ತಿಳಿಯಲು ಕೀಲನ್ನು ತೆಗೆದು, ಸರಳನ್ನು ನುಣುಪಾದ ಮಂಜುಗಡ್ಡೆಯ ಮೇಲೆ ಮಲಗಿಸಿದಂತೆ ಊಹಿಸಿದರೆ ಸಾಕು. ಅದರ ಒಂದು ತುದಿಗೆ ಹೊಡೆದರೆ ಸರಳು ಮುಂದೆ ಸಾಗುತ್ತಲೇ ಗಿರಕಿ ಹೊಡೆಯುತ್ತದೆ, ಅದರ ಇನ್ನೊಂದು ತುದಿ ಮೊದಲ ಕ್ಷಣದಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ನೇತಾಡುವ ಸರಳಿನ ಮೇಲ್ತುದಿಯೂ ಹಾಗೆಯೇ ಹಿಂದಕ್ಕೆ ಹೋಗಲು ನೋಡುತ್ತದೆ. ಅದನ್ನು ಹಿಡಿದಿಡಲು ಕೀಲು ಮುಂದಕ್ಕೆ, ಅಂದರೆ ಉಂಡೆ ಬಂದ ದಿಕ್ಕಿನಲ್ಲೇ, ತಳ್ಳಬೇಕಾಗುತ್ತದೆ. ಡಿಕ್ಕಿ ಸೆಕೆಂಡಿನ ಸಾವಿರದ ಐದು ಭಾಗ ನಡೆಯಿತೆಂದುಕೊಂಡರೆ ಕೀಲಿನ ಸರಾಸರಿ ಅಡ್ಡ ಬಲ 80 ನ್ಯೂಟನ್, ಸರಳಿನ ತೂಕದ ಸುಮಾರು ಏಳು ಪಟ್ಟು.

ಅದೇ ಉಂಡೆ ಸರಳಿನ ನಡುಮಧ್ಯಕ್ಕೆ ಬಡಿದರೆ ಚಿತ್ರ ತಿರುವುಮುರುವಾಗುತ್ತದೆ. ಆಗ ಇಡೀ ಸರಳು, ಮೇಲ್ತುದಿಯೂ ಸೇರಿ, ಮುಂದಕ್ಕೆ ಹೋಗಲು ನೋಡುತ್ತದೆ, ಕೀಲು ಹಿಂದಕ್ಕೆ ಎಳೆಯುತ್ತದೆ. ಲೆಕ್ಕ ಹಾಕಿದರೆ ನಂತರದ ರೇಖೀಯ ಸಂವೇಗ ಸುಮಾರು 0.76 ಮಾತ್ರ. ತುದಿಯಲ್ಲಿ ಹೆಚ್ಚು, ಮಧ್ಯದಲ್ಲಿ ಕಡಿಮೆ ಎಂದಮೇಲೆ ನಡುವೆ ಎಲ್ಲೋ ಒಂದು ಕಡೆ ಎರಡೂ ಸಮವಾಗಲೇಬೇಕು. ಆ ಜಾಗ ಕೀಲಿನಿಂದ ಉದ್ದದ ಮೂರರಲ್ಲಿ ಎರಡು ಭಾಗ ಕೆಳಗಿದೆ, ಈ ಸರಳಿನಲ್ಲಿ ಸುಮಾರು 66.7 ಸೆಂಟಿಮೀಟರ್. ಅಲ್ಲಿ ಬಡಿದರೆ ಕೋನೀಯ ವೇಗ 1.5, ನಂತರದ ಸಂವೇಗ ಸರಿಯಾಗಿ 1. ಕೀಲಿಗೆ ಅಡ್ಡ ಪೆಟ್ಟೇ ತಾಗುವುದಿಲ್ಲ. ಇದನ್ನು ಆಘಾತ ಕೇಂದ್ರ ಎಂದು ಕರೆಯುತ್ತಾರೆ. ಉಂಡೆ ಹಗುರವಿರಲಿ ಭಾರವಿರಲಿ, ನಿಧಾನವಿರಲಿ ವೇಗವಿರಲಿ, ಈ ಜಾಗ ಬದಲಾಗುವುದಿಲ್ಲ. ರೇಖೀಯ ಸಂವೇಗದ ನಿಯಮ ಈ ಒಂದು ಬಿಂದುವಿನಲ್ಲಿ ಮಾತ್ರ ಸರಿಯಾದ ಉತ್ತರ ಕೊಡುತ್ತದೆ.

ಲೆಕ್ಕವನ್ನು ಒರೆಗೆ ಹಚ್ಚಲು ಕೋನಮಾಪಕ ಸಾಕು. ಡಿಕ್ಕಿ ಮುಗಿದ ಮೇಲೆ ಸರಳು ಏರುವಾಗ ಶಕ್ತಿಯ ಸಂರಕ್ಷಣೆಯನ್ನು ಬಳಸಬಹುದು, ಡಿಕ್ಕಿಯ ನಡುವೆ ಬಳಸುವಂತಿಲ್ಲ. ಉಂಡೆ 5 ಜೂಲ್ ಚಲನ ಶಕ್ತಿಯೊಂದಿಗೆ ಬಂದಿತ್ತು. ತುದಿಗೆ ಬಡಿದ ನಂತರ ಉಳಿದದ್ದು 1 ಜೂಲ್. ಮಿಕ್ಕ 4 ಜೂಲ್ ಮಣ್ಣು ಚಪ್ಪಟೆಯಾಗುವುದರಲ್ಲಿ, ಬಿಸಿಯಾಗುವುದರಲ್ಲಿ ಹೋಗುತ್ತದೆ. ಆ 1 ಜೂಲ್ ಸರಳನ್ನು ಸುಮಾರು 31 ಡಿಗ್ರಿ ಎತ್ತುತ್ತದೆ. ರೇಖೀಯ ಸಂವೇಗ ಉಳಿಯುತ್ತದೆಂದು ನಂಬಿ ಲೆಕ್ಕ ಹಾಕಿದವರಿಗೆ 22 ಡಿಗ್ರಿ ಸಿಗುತ್ತದೆ. ಡಿಕ್ಕಿಯಲ್ಲೂ ಶಕ್ತಿ ಉಳಿಯುತ್ತದೆಂದು ನಂಬಿದವರಿಗೆ 74 ಡಿಗ್ರಿ. ಮೂರು ಉತ್ತರಗಳ ನಡುವೆ ಇಷ್ಟು ಅಂತರ ಇರುವುದರಿಂದ ಕಣ್ಣಳತೆಯಲ್ಲೇ ತಪ್ಪು ಗೊತ್ತಾಗುತ್ತದೆ.

ಪ್ರಯೋಗ ಕೈಕೊಡುವ ಕಡೆಗಳೂ ಇವೆ. ಮಣ್ಣಿನ ಚೂರುಗಳು ಸಿಡಿದು ಹಾರಿದರೆ ಅವು ತಮ್ಮ ಪಾಲಿನ ಕೋನೀಯ ಸಂವೇಗವನ್ನು ಹೊತ್ತೊಯ್ಯುತ್ತವೆ, ಹಾಗಾಗಿ ಮಣ್ಣು ಮೆತ್ತಗಿರಬೇಕು. ಕೀಲಿನ ಘರ್ಷಣೆಗೆ ಹೆದರಬೇಕಿಲ್ಲ. ನಾಲ್ಕು ಮಿಲಿಮೀಟರ್ ದಪ್ಪದ ಮೊಳೆಯಲ್ಲಿ ಘರ್ಷಣೆಗೆ ಸಿಗುವ ಸನ್ನೆಯ ಉದ್ದ ಎರಡೇ ಮಿಲಿಮೀಟರ್, ಡಿಕ್ಕಿಯ ವೇಳೆ ಅದರ ಪ್ರಭಾವ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಹೆಚ್ಚು ಹಾನಿ ಮಾಡುವುದು ಹಗುರವಾದ ಸ್ಟ್ಯಾಂಡು. ಪೆಟ್ಟಿಗೆ ಸ್ಟ್ಯಾಂಡೇ ಅಲುಗಿದರೆ ಕೀಲು ಸ್ಥಿರಬಿಂದುವಾಗಿ ಉಳಿಯುವುದಿಲ್ಲ, ಸೂತ್ರದ ಬುಡವೇ ಸಡಿಲವಾಗುತ್ತದೆ. ತುದಿಗೆ ಬಡಿದಾಗ ನಡುಗುವ ಸ್ಟ್ಯಾಂಡು ಆಘಾತ ಕೇಂದ್ರಕ್ಕೆ ಬಡಿದಾಗ ಸುಮ್ಮನಿದ್ದರೆ ದೋಷ ಅದರದೇ ಎಂದು ತಿಳಿಯಬಹುದು.

ಇದೇ ಲೆಕ್ಕ ಒಂದು ಕಾಲದಲ್ಲಿ ಬಂದೂಕಿನ ಗುಂಡಿನ ವೇಗವನ್ನು ಅಳೆಯಲು ಬಳಕೆಯಾಯಿತು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೂಗಾಡುವ ಮರದ ಹಲಗೆಗೆ ಗುಂಡು ಹೊಡೆದು, ಅದು ಎಷ್ಟು ದೂರ ತೂಗಿತೆಂದು ಪಟ್ಟಿಯಿಂದ ಅಳೆಯುವ ವಿಧಾನವನ್ನು ವಿವರಿಸಿದ. ಅವನ ತೂಗುಗುಂಡು ಸಮನಾದ ಸರಳಾಗಿರಲಿಲ್ಲ, ಕಬ್ಬಿಣ ಮತ್ತು ಮರದ ಜೋಡಣೆಯಾಗಿತ್ತು. ಅದರ ಜಡತ್ವವನ್ನು ಸೂತ್ರದಿಂದ ಪಡೆಯಲಾಗದ ಕಾರಣ ಅವನು ಅದನ್ನು ಮೆಲ್ಲಗೆ ತೂಗಿಸಿ, 200 ಸಣ್ಣ ತೂಗುಗಳಿಗೆ 253 ಸೆಕೆಂಡು ಹಿಡಿದದ್ದನ್ನು ಎಣಿಸಿದ. ಆ ಕಾಲದಿಂದಲೇ ಬೇಕಾದ ದೂರ ಸಿಕ್ಕಿತು. ಮೇಲಿನ ಉಕ್ಕಿನ ಸರಳಿಗೂ ಈ ಉಪಾಯ ಸಲ್ಲುತ್ತದೆ: ಹೋಗಿ ಬರುವ ಹತ್ತು ಪೂರ್ಣ ತೂಗುಗಳಿಗೆ ಅದು ಸುಮಾರು 16.4 ಸೆಕೆಂಡು ತೆಗೆದುಕೊಳ್ಳುತ್ತದೆ, ಅಂದರೆ 66.7 ಸೆಂಟಿಮೀಟರ್ ದಾರದ ಸರಳ ಲೋಲಕದಷ್ಟೇ. ಆ ಉದ್ದ ಆಘಾತ ಕೇಂದ್ರದ ದೂರವೇ ಆಗಿರುವುದು ಕಾಕತಾಳೀಯವಲ್ಲ, ಎರಡಕ್ಕೂ ಗಣಿತ ಒಂದೇ.

ಲೋಹಗಳ ಗಡಸುತನ ಮತ್ತು ಬಿರುಸುತನವನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಇಂದಿಗೂ ಚಾರ್ಪಿ ಯಂತ್ರವಿದೆ. ತೂಗಿ ಬರುವ ಭಾರವಾದ ಸುತ್ತಿಗೆ ಕಚ್ಚು ಹಾಕಿದ ಲೋಹದ ತುಂಡನ್ನು ಒಂದೇ ಪೆಟ್ಟಿಗೆ ಮುರಿಯುತ್ತದೆ, ಮುರಿದ ಮೇಲೆ ಅದು ಏರಿದ ಎತ್ತರದಿಂದ ಮುರಿಯಲು ಹೋದ ಶಕ್ತಿ ತಿಳಿಯುತ್ತದೆ. ಪೆಟ್ಟು ಬೇರೆ ಜಾಗದಲ್ಲಿ ಬಿದ್ದರೆ ಬೇರಿಂಗು ಮತ್ತು ಚೌಕಟ್ಟು ನಡುಗಿ ಅಳತೆಯಲ್ಲಿ ಶಕ್ತಿ ಸೋರುತ್ತದೆ. ಆದ್ದರಿಂದ ಆ ಯಂತ್ರವನ್ನು ಕಟ್ಟುವಾಗ ಸುತ್ತಿಗೆಯ ಬಡಿಯುವ ಅಂಚನ್ನು ಆಘಾತ ಕೇಂದ್ರದ ಮಟ್ಟಕ್ಕೇ ತಂದು ಕೂರಿಸುತ್ತಾರೆ.